ಕರಾರಿನ ಅವಧಿ ಮುಗಿದರೆ ಅಡ್ವಾನ್ಸ್ ಹೋಯ್ತಾ?

ಪ್ರಶ್ನೆ: ನಾವು ಮಂಡ್ಯದವರು. ಮೈಸೂರು ವಿಜಯನಗರ 4ನೇ ಹಂತದಲ್ಲಿ 30-40 ಸೈಟಿಗೆ 48 ಲಕ್ಷಕ್ಕೆ ಮಾತಾಗಿ, ಜನವರಿ 10ರಂದು ಕ್ರಯದ ಕರಾರು ಮಾಡಿಕೊಂಡೆವು. ಟೋಕನ್ 1 ಲಕ್ಷ ನಗದು, 7 ಲಕ್ಷ ಬ್ಯಾಂಕ್ ಮೂಲಕ, ಒಟ್ಟು 8 ಲಕ್ಷ ಕೊಟ್ಟಿದ್ದೇವೆ. ಉಳಿದದ್ದನ್ನು ಏಪ್ರಿಲ್ 10ರೊಳಗೆ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅಡ್ವಾನ್ಸ್ ಮುಟ್ಟುಗೋಲು ಎಂದು ಬರೆದಿದೆ. ಇ-ಖಾತಾ ಮಾಡಿಸಿಕೊಡುವುದು ಮಾರುವವರ ಕೆಲಸ ಎಂದೂ ಇದೆ. ಅವರು ಮಾಡಿಸಲಿಲ್ಲ. ಇ-ಖಾತಾ ಇಲ್ಲದೆ ಬ್ಯಾಂಕಿನವರು ಸಾಲದ ಹಣ ಬಿಡುತ್ತಿಲ್ಲ. ಈಗ ಏಪ್ರಿಲ್ ಕೊನೆ. 'ನಿಮ್ಮ ಟೈಮ್ ಮುಗೀತು, ಅಡ್ವಾನ್ಸ್ ಹೋಯ್ತು. ರೇಟ್ ಜಾಸ್ತಿ ಆಗಿದೆ, ಬೇಕಿದ್ರೆ ಇನ್ನೂ 5 ಲಕ್ಷ ಸೇರಿಸಿ ಕೊಡಿ' ಎಂದು ವಾಟ್ಸಾಪ್ ಮಾಡಿದ್ದಾರೆ. ಕರಾರು ನೋಟರಿ ಮಾಡಿಸಿದ್ದು, ರಿಜಿಸ್ಟರ್ ಆಗಿಲ್ಲ. ನಮ್ಮ ಹಣ ಹೋದಂತೆಯೇನಾ?

ಉತ್ತರ: ಇಲ್ಲ, ಹೋಗಿಲ್ಲ. ನೀವು ಬರೆದಿರುವುದೆಲ್ಲ ಪತ್ರದಲ್ಲಿ ಹಾಗೇ ಇದ್ದರೆ ಮುಟ್ಟುಗೋಲು ಹಾಕಿಕೊಳ್ಳುವ ಹಕ್ಕು ಅವರಿಗೆ ಇನ್ನೂ ಬಂದೇ ಇಲ್ಲ. ಆದರೆ ಈ ವಾಟ್ಸಾಪ್‌ಗೆ ಉತ್ತರ ಕೊಡದೆ ಎರಡು ಮೂರು ತಿಂಗಳು ಸುಮ್ಮನಿದ್ದರೆ ನಿಮ್ಮ ಕೈಲಿರುವ ಒಳ್ಳೆಯ ಕೇಸು ಕೈಜಾರುತ್ತದೆ.

ಮೊದಲು ಕರಾರು ಪತ್ರ ತೆಗೆದು ಎರಡು ಷರತ್ತುಗಳನ್ನು ಒಟ್ಟಿಗೆ ಓದಿ. ಹೆಚ್ಚಿನವರು ಮುಟ್ಟುಗೋಲಿನ ಷರತ್ತನ್ನು ಮಾತ್ರ ಓದಿ ಗಾಬರಿಯಾಗುತ್ತಾರೆ. ಏಪ್ರಿಲ್ 10ರೊಳಗೆ ನೀವು ಏನು ಮಾಡಬೇಕಿತ್ತು ಎನ್ನುವುದರ ಜೊತೆಗೆ, ಅದಕ್ಕೂ ಮುಂಚೆ ಅವರು ಏನು ಮಾಡಬೇಕಿತ್ತು ಎನ್ನುವುದೂ ಅಲ್ಲೇ ಇದೆ. ಇ-ಖಾತಾ ಇಲ್ಲದೆ ಈಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯೇ ಆಗುವುದಿಲ್ಲ. ಅಂದರೆ ಏಪ್ರಿಲ್ 10ರ ಬೆಳಿಗ್ಗೆ ನೀವು 40 ಲಕ್ಷ ಕೈಯಲ್ಲಿ ಹಿಡಿದು ಅವರ ಮನೆ ಬಾಗಿಲಿಗೆ ಹೋಗಿದ್ದರೂ ಅವತ್ತು ಅವರು ನಿಮಗೆ ರಿಜಿಸ್ಟರ್ ಮಾಡಿಕೊಡಲು ಸಾಧ್ಯವಿರಲಿಲ್ಲ. ಒಬ್ಬರು ಮೊದಲು ಮಾಡಬೇಕಾದ ಕೆಲಸ ಆಗದೆ ಇನ್ನೊಬ್ಬರ ಕೆಲಸ ಆಗುವಂತಿಲ್ಲ ಎಂದಿದ್ದಾಗ, ಮೊದಲಿನವರು ತಪ್ಪಿ ನಡೆದು ಇನ್ನೊಬ್ಬರ ಮೇಲೆ ಗೂಬೆ ಕೂರಿಸುವಂತಿಲ್ಲ. ಕರಾರು ಕಾಯಿದೆಯ 54ನೇ ಸೆಕ್ಷನ್ ಹೇಳುವುದು ಇದನ್ನೇ. ನಿಮ್ಮ ಕೇಸಿನ ಬೆನ್ನೆಲುಬೂ ಇದೇ.

ಇಲ್ಲಿ ಒಂದು ಅಪಾಯ ಇದೆ. ಎಷ್ಟೋ ಕರಾರುಗಳಲ್ಲಿ 'ಮಾರಾಟಗಾರರು ಅಗತ್ಯ ದಾಖಲೆಗಳನ್ನು ಒದಗಿಸತಕ್ಕದ್ದು' ಎಂದು ತೇಲಿಸಿ ಬರೆದು ಬಿಟ್ಟಿರುತ್ತಾರೆ. ಯಾವ ದಾಖಲೆ, ಯಾವಾಗ ಎನ್ನುವುದಿಲ್ಲ. ನಿಮ್ಮದರಲ್ಲಿ ಇ-ಖಾತಾ ಎಂಬ ಮಾತೇ ಇದ್ದರೆ ಬಹಳ ಒಳ್ಳೆಯದು. ಬರೀ 'ದಾಖಲೆಗಳು' ಎಂದಿದ್ದರೆ ನೀವು ಯಾವಾಗ, ಹೇಗೆ ಇ-ಖಾತಾ ಕೇಳಿದಿರಿ ಎಂಬುದಕ್ಕೆ ಪುರಾವೆ ಬೇಕಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನೀವಿಬ್ಬರೂ ಮಾಡಿದ ಮೆಸೇಜುಗಳನ್ನು ಹುಡುಕಿ. 'ಖಾತೆ ಕೆಲಸ ಇನ್ನೂ ಆಗಿಲ್ಲ, ಸ್ವಲ್ಪ ಟೈಮ್ ಆಗುತ್ತೆ' ಎಂದು ಅವರು ಒಂದೇ ಒಂದು ಸಾಲು ಬರೆದಿದ್ದರೂ ಅದಕ್ಕೆ ಬಹಳ ಬೆಲೆ ಇದೆ. ಆ ಚಾಟ್ ಅಳಿಸಬೇಡಿ. ಫೋನ್ ಬದಲಾಯಿಸುವುದಿದ್ದರೆ ಹಳೆಯದನ್ನು ಎತ್ತಿಡಿ. ವಾಟ್ಸಾಪ್ ಮೆಸೇಜನ್ನು ಕೋರ್ಟಿಗೆ ಕೊಡುವಾಗ ಪ್ರಿಂಟಿನ ಜೊತೆ ಒಂದು ಪ್ರಮಾಣಪತ್ರವನ್ನೂ ಕೊಡಬೇಕು. ಅದನ್ನು ನಿಮ್ಮ ವಕೀಲರು ಬರೆದುಕೊಡುತ್ತಾರೆ.

ಇನ್ನು 'ಟೈಮ್ ಮುಗೀತು' ಎಂಬ ಮಾತು. ಸೈಟು, ಮನೆ, ಜಮೀನಿನ ಕರಾರಿನಲ್ಲಿ ತಾರೀಖು ದಾಟಿದ ಮಾತ್ರಕ್ಕೆ ಕರಾರು ಸತ್ತುಹೋಗುವುದಿಲ್ಲ. ಸ್ಥಿರಾಸ್ತಿಯ ವಿಷಯದಲ್ಲಿ ಅವಧಿಯೇ ಕರಾರಿನ ಜೀವಾಳ ಎಂದು ಮೊದಲೇ ಊಹಿಸಿಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1992ರಲ್ಲಿ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ, ಷರತ್ತುಗಳನ್ನೂ ಎರಡೂ ಕಡೆಯವರ ನಡವಳಿಕೆಯನ್ನೂ ನೋಡಿ, ಆ ಕರಾರಿನಲ್ಲಿ ಅವಧಿ ಮುಖ್ಯವೇ ಆಗಿತ್ತು ಎಂದು ತೀರ್ಮಾನಿಸಿ ಕೊಳ್ಳುವವರನ್ನು ಸೋಲಿಸಿತು. ಹಾಗಾಗಿ 'ಸೈಟಿನ ಕರಾರು ತಾನೇ, ತಾರೀಖಿಗೆ ಲೆಕ್ಕವಿಲ್ಲ' ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು. ಪೇಟೆ ಬದಿಯ ಜಾಗಗಳ ಬೆಲೆ ಸರ್ರನೆ ಏರುವ ಕಾಲದಲ್ಲಿ ಹಳೆಯ ಸಡಿಲ ನಿಯಮವನ್ನು ಮತ್ತೆ ಯೋಚಿಸಬೇಕಾಗಿದೆ, ಬರೆದುಕೊಂಡ ಅವಧಿಗೆ ಬೆಲೆ ಇದೆ ಎನ್ನುವುದು ಅದರ ಸಾರ. ನಿಮಗೆ ಅನುಕೂಲವಾಗಿರುವುದು ಆ ಸಡಿಲ ನಿಯಮ ಅಲ್ಲ. ಅವಧಿಯೊಳಗೆ ಕೆಲಸ ಆಗದೇ ಇದ್ದದ್ದು ಯಾರಿಂದ ಎನ್ನುವುದು.

ಈಗ ಹಣದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬ್ರೋಕರ್‌ಗಳೂ ಪತ್ರ ಬರೆಯುವವರೂ ಎಲ್ಲವನ್ನೂ 'ಅಡ್ವಾನ್ಸ್' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕೋರ್ಟು ಅದರಲ್ಲಿ ಎರಡು ಬಗೆಯ ಹಣವನ್ನು ಬೇರೆ ಮಾಡಿ ನೋಡುತ್ತದೆ. ಒಂದು, ಮಾತಿಗೆ ತಪ್ಪುವುದಿಲ್ಲ ಎಂಬ ಖಾತ್ರಿಗೆ ಕೊಟ್ಟ ಹಣ. ಇನ್ನೊಂದು, ಒಟ್ಟು ಬೆಲೆಯಲ್ಲಿ ಮೊದಲೇ ಕೊಟ್ಟ ಕಂತು. ತಪ್ಪು ಕೊಳ್ಳುವವರದೇ ಆದಾಗ ಖಾತ್ರಿಯ ಹಣವನ್ನು ಮಾರುವವರು ಇಟ್ಟುಕೊಳ್ಳಬಹುದು. ಕಂತಿನ ಹಣವನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವಂತಿಲ್ಲ.

1963ರ ಒಂದು ಹಳೆಯ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1,12,500 ರೂಪಾಯಿಗೆ ಬಂಗಲೆಯೊಂದರ ಕರಾರು. ಮೊದಲು ಖಾತ್ರಿಗೆಂದು 1,000 ರೂಪಾಯಿ, ಆಮೇಲೆ ಬೆಲೆಯ ಭಾಗವಾಗಿ 24,000 ಕೊಟ್ಟಿದ್ದರು. ತಪ್ಪಿದರೆ ಒಟ್ಟು 25,000 ಮುಟ್ಟುಗೋಲು ಎಂದು ಪತ್ರದಲ್ಲಿತ್ತು. ಕೊಳ್ಳುವವರು ತಪ್ಪಿದ್ದು ನಿಜ. ಆದರೂ ಮಾರುವವರಿಗೆ ಮುಟ್ಟುಗೋಲಿನಲ್ಲಿ ದಕ್ಕಿದ್ದು ಆ ಖಾತ್ರಿಯ 1,000 ರೂಪಾಯಿ ಮಾತ್ರ. 24,000ದಲ್ಲಿ ಏನಾದರೂ ಉಳಿಸಿಕೊಳ್ಳಬೇಕಿದ್ದರೆ ನಷ್ಟ ಆಗಿದೆ ಎಂದು ತೋರಿಸಿ ಎಂದಿತು ಕೋರ್ಟು. ಅದರ ಹಿಂದಿರುವುದು ಕರಾರು ಕಾಯಿದೆಯ 74ನೇ ಸೆಕ್ಷನ್. ಪತ್ರದಲ್ಲಿ ಬರೆದ ದಂಡದ ಮೊತ್ತ ಒಂದು ಗರಿಷ್ಠ ಮಿತಿ ಮಾತ್ರ. ಕೈಗೆ ಸಿಗುವುದು ನ್ಯಾಯವಾದ ಪರಿಹಾರ, ಅದೂ ಆ ಮಿತಿಯೊಳಗೆ.

2015ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಇದೇ ಮಾತು ಇನ್ನೂ ಸ್ಪಷ್ಟವಾಯಿತು. ಪ್ರಾಧಿಕಾರ 78 ಲಕ್ಷ ಮುಟ್ಟುಗೋಲು ಹಾಕಿಕೊಂಡಿತ್ತು. ಮೊದಲ ಹರಾಜಿನಲ್ಲಿ ಜಾಗಕ್ಕೆ ಬಂದಿದ್ದ ಬೆಲೆ 3.12 ಕೋಟಿ. ಅದೇ ಜಾಗವನ್ನು ಆಮೇಲೆ ಮತ್ತೆ ಹರಾಜು ಹಾಕಿದಾಗ 11.78 ಕೋಟಿ ಬಂತು. ನಿಮಗೆ ನಷ್ಟ ಎಲ್ಲಿ ಆಗಿದೆ ಎಂದು ಕೇಳಿದ ಕೋರ್ಟು ಹಣ ವಾಪಸ್ ಕೊಡಿಸಿತು.

ಈಗ ನಿಮಗೆ ಬಂದ ಮೆಸೇಜನ್ನು ಮತ್ತೊಮ್ಮೆ ಓದಿ. 'ರೇಟ್ ಜಾಸ್ತಿ ಆಗಿದೆ, ಇನ್ನೂ 5 ಲಕ್ಷ ಕೊಡಿ.' ಜನವರಿಯಲ್ಲಿ 48 ಲಕ್ಷಕ್ಕೆ ಒಪ್ಪಿದ ಸೈಟು ಈಗ 53 ಲಕ್ಷ ಬಾಳುತ್ತದೆ ಎಂದು ಅವರೇ ಬರೆದುಕೊಟ್ಟಿದ್ದಾರೆ. ವ್ಯವಹಾರ ಮುರಿದರೂ ಅವರಿಗೆ ಬೆಲೆಯಲ್ಲಿ ನಷ್ಟವಿಲ್ಲ, ಲಾಭವೇ ಇದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಅವರು ಬೆದರಿಸಲು ಬರೆದ ಸಾಲು ನಿಮ್ಮ ದಾಖಲೆ ಆಗಿದೆ. ಆ ಮೆಸೇಜಿಗೆ ಸಿಟ್ಟಿನಲ್ಲಿ ಏನೂ ಉತ್ತರ ಹಾಕಬೇಡಿ.

ಇಷ್ಟು ಕೇಳಿ ನಿಶ್ಚಿಂತರಾಗುವ ಮುಂಚೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನಮ್ಮ ಬೆಂಗಳೂರಿನ ಒಂದು ಕೇಸನ್ನೂ ನೋಡಿ. 55.5 ಲಕ್ಷದ ಆಸ್ತಿ, 20 ಲಕ್ಷ ಮುಂಗಡ, ನಾಲ್ಕು ತಿಂಗಳ ಅವಧಿ. ಪತ್ರದಲ್ಲಿ ಆ ಹಣವನ್ನು ಮುಂಗಡ ಎಂದೇ ಕರೆದಿದ್ದರೂ, ಅದರ ಸ್ವರೂಪ ನೋಡಿದರೆ ಖಾತ್ರಿಯ ಹಣವೇ ಎಂದು ಕೋರ್ಟು ತೆಗೆದುಕೊಂಡಿತು. ಕೊಳ್ಳುವವರು ಅವಧಿಯೊಳಗೆ ಬಾಕಿ ಹಣ ಹೊಂದಿಸಲಿಲ್ಲ ಎಂದಾದ್ದರಿಂದ ಇಡೀ 20 ಲಕ್ಷದ ಮುಟ್ಟುಗೋಲು ಊರ್ಜಿತವಾಯಿತು. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ನಿಮ್ಮ 8 ಲಕ್ಷ ಒಟ್ಟು ಬೆಲೆಯ ಆರನೇ ಒಂದು ಭಾಗ. ಅದು ಕಂತು, ಖಾತ್ರಿ ಅಲ್ಲ ಎಂದು ವಾದಿಸಬಹುದು, ವಾದಿಸಲೇಬೇಕು. ಆದರೆ ಆ ಒಂದೇ ವಾದವನ್ನು ನಂಬಿಕೊಂಡು ಕೂರಬಾರದು. ತಪ್ಪು ನಿಮ್ಮದಲ್ಲ ಎಂದು ಮೊದಲು ನಿಲ್ಲಿಸಿಕೊಂಡರೆ ಹಣದ ಹೆಸರು ಏನು ಎಂಬ ಪ್ರಶ್ನೆಯೇ ಎರಡನೆಯದಾಗುತ್ತದೆ.

ತಪ್ಪು ನಿಮ್ಮದಲ್ಲ ಎಂದು ತೋರಿಸುವುದು ಹೇಗೆ? ನಾನು ಸದಾ ಸಿದ್ಧನಿದ್ದೆ, ನನಗೆ ಮನಸ್ಸೂ ಇತ್ತು ಎಂದು ಕೊಳ್ಳುವವರು ರುಜುವಾತು ಮಾಡಬೇಕು ಎನ್ನುತ್ತದೆ ನಿರ್ದಿಷ್ಟ ಪರಿಹಾರ ಕಾಯಿದೆ. ಸಿದ್ಧ ಎಂದರೆ ಹಣದ ತಾಕತ್ತು. ಮನಸ್ಸು ಎಂದರೆ ನಡವಳಿಕೆ. 40 ಲಕ್ಷವನ್ನು ನೋಟಿನ ಕಂತೆ ಮಾಡಿ ತೋರಿಸಬೇಕಾಗಿಲ್ಲ, ಕೋರ್ಟು ಹೇಳುವವರೆಗೆ ಅಲ್ಲಿ ಕಟ್ಟಬೇಕಾಗಿಯೂ ಇಲ್ಲ. ಆದರೆ ಆ 40 ಲಕ್ಷ ಎಲ್ಲಿಂದ ಬರುತ್ತಿತ್ತು ಎಂಬುದು ಕಾಗದದಲ್ಲಿ ಕಾಣಬೇಕು. ಉದಾಹರಣೆಗೆ 32 ಲಕ್ಷ ಬ್ಯಾಂಕ್ ಸಾಲ, 8 ಲಕ್ಷ ನಿಮ್ಮ ಠೇವಣಿ ಎಂದುಕೊಳ್ಳಿ. ಸಾಲ ಮಂಜೂರಾದ ಪತ್ರ ಏಪ್ರಿಲ್ 10ಕ್ಕಿಂತ ಮುಂಚಿನ ತಾರೀಖಿನದು ಇರಬೇಕು. ಇ-ಖಾತಾ ಕೊಟ್ಟರೆ ಹಣ ಬಿಡುಗಡೆ ಮಾಡುತ್ತೇವೆ ಎಂದು ಬ್ಯಾಂಕಿನಿಂದ ಒಂದು ಪತ್ರವನ್ನೋ ಇಮೇಲನ್ನೋ ಈ ವಾರವೇ ತೆಗೆದುಕೊಳ್ಳಿ. ಠೇವಣಿಯ 8 ಲಕ್ಷವನ್ನು ಈಗ ಮುರಿದು ಬೇರೆ ಕೆಲಸಕ್ಕೆ ಬಳಸಬೇಡಿ. ಮಂಜೂರಾತಿ ಪತ್ರಕ್ಕೂ ಅವಧಿ ಇರುತ್ತದೆ. ಮುಗಿಯುವ ಮುಂಚೆ ನವೀಕರಿಸಿ.

ಇಲ್ಲೊಂದು ಕಹಿ ಪ್ರಶ್ನೆ ಕೇಳಲೇಬೇಕು. ಸಾಲ ನಿಜವಾಗಿ ನಿಂತಿರುವುದು ಇ-ಖಾತಾಗಾಗಿಯೇ? ಅಥವಾ ನಿಮ್ಮ ಆದಾಯಕ್ಕೆ 32 ಲಕ್ಷ ಬರುವುದಿಲ್ಲ ಎಂದು ಬ್ಯಾಂಕಿನವರು ಬೇರೆಯಾಗಿ ಹೇಳಿದ್ದಾರಾ? ಎರಡನೆಯದಾದರೆ ಚಿತ್ರವೇ ಬದಲಾಗುತ್ತದೆ. ಕೋರ್ಟಿನಲ್ಲಿ ಎದುರಿನ ವಕೀಲರು ಮೊದಲು ಕೇಳುವುದು ನಿಮ್ಮ ಪಾಸ್‌ಬುಕ್ಕನ್ನೇ. ಹಾಗೇನಾದರೂ ಇದ್ದರೆ ಸೈಟು ಬೇಕು ಎಂದು ಹಟ ಹಿಡಿಯುವ ಬದಲು ಹಣ ವಾಪಸ್ ಪಡೆಯುವ ಮಾತುಕತೆಗೆ ಕೂರುವುದು ಮೇಲು.

ಸಾಲದ್ದು ಸರಿ ಇದ್ದರೆ ಮುಂದಿನ ಹೆಜ್ಜೆ ವಕೀಲರ ನೋಟಿಸ್. ತಡ ಮಾಡಬೇಡಿ. ಅದರಲ್ಲಿ ಇರಬೇಕಾದದ್ದು ಇಷ್ಟು: ಇ-ಖಾತಾ ಕೊಡಬೇಕಾದವರು ನೀವು, ಕೊಟ್ಟಿಲ್ಲ. ನಾವು ಬಾಕಿ 40 ಲಕ್ಷದೊಂದಿಗೆ ಸಿದ್ಧರಿದ್ದೇವೆ. ಇಷ್ಟು ದಿನದೊಳಗೆ ಇ-ಖಾತಾ ಮಾಡಿಸಿ, ಇಂಥ ದಿನ ಬೆಳಿಗ್ಗೆ ಇಂಥ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಕ್ರಯಪತ್ರ ಮಾಡಿಕೊಡಿ. ನಿಮ್ಮ ಮುಟ್ಟುಗೋಲನ್ನು ನಾವು ಒಪ್ಪುವುದಿಲ್ಲ. ಅವಧಿ ಕೊಡುವಾಗ ಇ-ಖಾತಾಗೆ ನಿಜವಾಗಿ ಬೇಕಾಗುವ ಸಮಯ ಕೊಡಿ. ಮೂರು ದಿನದಲ್ಲಿ ಮಾಡಿಸಿ ಎಂದರೆ ನೋಟಿಸ್ ನಾಟಕದ ಹಾಗೆ ಕಾಣುತ್ತದೆ. ಕರಾರಿನಲ್ಲಿರುವ ವಿಳಾಸಕ್ಕೆ, ತಲುಪಿದ ರಶೀದಿ ವಾಪಸ್ ಬರುವ ಹಾಗೆ ಅಂಚೆಯಲ್ಲಿ ಕಳಿಸಿ, ಪ್ರತಿಯನ್ನು ವಾಟ್ಸಾಪ್‌ನಲ್ಲೂ ಹಾಕಿ. ಹೇಳಿದ ದಿನ ನೀವು ಕಚೇರಿಗೆ ಹೋಗಿ. ಅವರು ಬರದಿದ್ದರೂ ನೀವು ಬ್ಯಾಂಕಿನ ಪತ್ರ ಹಿಡಿದು ಹೋಗಿದ್ದಕ್ಕೆ ಗುರುತು ಉಳಿಯಲಿ.

ಈ ಮಧ್ಯೆ ಎರಡು ವಿಷಯಕ್ಕೆ ಹುಷಾರಾಗಿರಿ. ಅವರು ಇದ್ದಕ್ಕಿದ್ದಂತೆ ಒಳ್ಳೆಯವರಾಗಿ 3 ಲಕ್ಷದ ಚೆಕ್ ಕಳಿಸಿ 'ಲೆಕ್ಕ ಚುಕ್ತಾ' ಎಂದು ಬರೆದರೆ ಅದನ್ನು ಬ್ಯಾಂಕಿಗೆ ಹಾಕಬೇಡಿ. ಕರಾರು ರದ್ದಾಗಿದೆ ಎಂದು ನೀವೇ ಒಪ್ಪಿದಂತಾಗುತ್ತದೆ. ಅದೇ ರೀತಿ, ಮನೆಯವರ ಒತ್ತಾಯಕ್ಕೆ 5 ಲಕ್ಷ ಸೇರಿಸಿ ಕೊಡಲು ಒಪ್ಪಿದರೂ ಬಾಯಿಮಾತಿಗೆ ಕೊಡಬೇಡಿ. ಕರಾರಿನ ಹಿಂಬದಿಯಲ್ಲಿ ಅವಧಿ ವಿಸ್ತರಿಸಿದ ಷರಾ ಬರೆಸಿ, ಇಬ್ಬರೂ ಸಹಿ ಹಾಕಿ, ಸಾಕ್ಷಿಗಳ ಸಹಿ ತೆಗೆದುಕೊಂಡ ಮೇಲಷ್ಟೇ ಮುಂದಿನ ಮಾತು.

ನಿಮ್ಮ ಕರಾರು ರಿಜಿಸ್ಟರ್ ಆಗದಿರುವುದು ನನಗೆ ಹೆಚ್ಚು ಚಿಂತೆಯ ವಿಷಯ. ಕೇಸು ಹಾಕಲು ಅದು ಅಡ್ಡಿಯಲ್ಲ. ಸ್ವಾಧೀನ ಕೊಡದೆ ಮಾಡಿದ, ನೋಂದಣಿಯಾಗದ ಕ್ರಯದ ಕರಾರಿನ ಮೇಲೂ ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹೂಡಬಹುದು. ಆದರೆ ಕರಾರು ನಿಮಗೆ ಸೈಟಿನಲ್ಲಿ ಮಾಲೀಕತ್ವ ಕೊಡುವುದಿಲ್ಲ. ನಾಳೆ ಅವರು 53 ಲಕ್ಷಕ್ಕೆ ಇನ್ನೊಬ್ಬರಿಗೆ ಕ್ರಯ ಮಾಡಿದರೆ, ಆ ಕೊಂಡವರು ನನಗೆ ನಿಮ್ಮ ಕರಾರಿನ ಸುದ್ದಿಯೇ ಗೊತ್ತಿರಲಿಲ್ಲ, ಪೂರ್ತಿ ಹಣ ಕೊಟ್ಟಿದ್ದೇನೆ ಎನ್ನಬಹುದು. ಅದನ್ನು ಕೋರ್ಟು ನಂಬಿದರೆ ಸೈಟು ನಿಮಗೆ ಸಿಗುವುದಿಲ್ಲ. ಕರಾರು ನೋಂದಣಿಯಾಗಿದ್ದರೆ ಋಣಭಾರ ಪತ್ರದಲ್ಲಿ, ಅಂದರೆ ನಾವು ಇ.ಸಿ. ಎನ್ನುವುದರಲ್ಲಿ, ನಿಮ್ಮ ಹೆಸರು ಕಾಣುತ್ತಿತ್ತು. ಪತ್ರವನ್ನು ಸಹಿ ಆದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬಹುದು. ನಿಮ್ಮದಕ್ಕೆ ಮೇ 10ರವರೆಗೆ ಸಮಯವಿದೆ. ಮಾರುವವರು ಬಂದು ಒಪ್ಪಿಕೊಳ್ಳಬೇಕಾದ್ದರಿಂದ ಈಗಿನ ಮನಸ್ಥಿತಿಯಲ್ಲಿ ಅವರು ಬರುವುದು ಅನುಮಾನ. ಮಧ್ಯಸ್ಥರ ಮಾತಿಗೆ ಬಗ್ಗಿದರೆ ಮೊದಲು ಮಾಡಿಸಬೇಕಾದ ಕೆಲಸ ಇದೇ. ಬಗ್ಗದಿದ್ದರೆ ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿ. ಅದು ಕೋಟೆಯೇನಲ್ಲ, ಆದರೆ ಕೊಳ್ಳಲು ಬರುವವರಿಗೆ ಒಂದು ಎಚ್ಚರಿಕೆ. ನಿಜವಾದ ರಕ್ಷಣೆ ದಾವೆ ಹೂಡಿ, ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು. ದಾವೆ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ತಲೆಬಾಗಲೇಬೇಕು.

ಛಾಪಾ ಕಾಗದದ ಒಂದು ವಿಷಯವನ್ನೂ ನೋಡಿಕೊಳ್ಳಿ. ಪತ್ರದಲ್ಲಿ 'ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ' ಎಂಬ ಸಾಲು ಎಲ್ಲಾದರೂ ನುಸುಳಿದೆಯಾ? ಹಳೆಯ ಮಾದರಿ ನೋಡಿ ಟೈಪ್ ಮಾಡುವವರು ಇದನ್ನು ಸುಮ್ನೆ ಸೇರಿಸಿಬಿಡುತ್ತಾರೆ. ಕರ್ನಾಟಕದಲ್ಲಿ ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಕಡಿಮೆ ಛಾಪಾದಲ್ಲಿ ಇದ್ದರೆ ಕೊರತೆಯ ಹಣದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೇ ಕೋರ್ಟು ಆ ಪತ್ರವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದು.

ನಗದಾಗಿ ಕೊಟ್ಟ 1 ಲಕ್ಷದ ಬಗ್ಗೆ: 8 ಲಕ್ಷ ಮುಟ್ಟಿದೆ ಎಂದು ಪತ್ರದಲ್ಲೇ ಅವರು ಸಹಿ ಹಾಕಿದ್ದರೆ ಸಾಕು. ಸ್ಥಿರಾಸ್ತಿ ಮುಂಗಡವನ್ನು 20,000 ಅಥವಾ ಅದಕ್ಕೂ ಜಾಸ್ತಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ದಂಡ ಬೀಳುವುದು ಪಡೆದವರಿಗೆ. ಮುಟ್ಟುಗೋಲು ಹಾಕಿಕೊಂಡ ಹಣವೂ ಅವರ ಆದಾಯವೆಂದೇ ತೆರಿಗೆಗೆ ಬರುತ್ತದೆ. ಇದನ್ನು ಮಾತುಕತೆಯಲ್ಲಿ ಮೆತ್ತಗೆ ನೆನಪಿಸಬಹುದು.

ದಾವೆಗೆ ಕಾಲಮಿತಿ ಕರಾರಿನಲ್ಲಿ ಬರೆದ ಏಪ್ರಿಲ್ 10ರಿಂದ ಮೂರು ವರ್ಷ. ಮೂರು ವರ್ಷ ಇದೆಯಲ್ಲಾ ಎಂದು ಕಾಯುವವರನ್ನು ಕೋರ್ಟುಗಳು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಆಗ 'ಮನಸ್ಸಿತ್ತು' ಎಂಬ ಮಾತೇ ಸಡಿಲವಾಗುತ್ತದೆ. ಜಾಗ ಮೈಸೂರಿನಲ್ಲಿರುವುದರಿಂದ ದಾವೆಯೂ ಅಲ್ಲಿಯೇ, ಮಂಡ್ಯದಲ್ಲಿ ಅಲ್ಲ. ಕ್ರಯಪತ್ರ ಮಾಡಿಸಿಕೊಡಿ ಎಂಬ ದಾವೆಗೆ ಕೋರ್ಟ್ ಶುಲ್ಕ 8 ಲಕ್ಷದ ಮೇಲಲ್ಲ, ಪೂರ್ತಿ 48 ಲಕ್ಷದ ಮೇಲೆ. ಮೊದಲೇ ಲೆಕ್ಕ ಹಾಕಿಸಿಕೊಳ್ಳಿ.

ದಾವೆಯಲ್ಲಿ ಒಂದು ಸಾಲು ತಪ್ಪದೆ ಇರಬೇಕು: ಕ್ರಯಪತ್ರ ಕೊಡಿಸಲು ಆಗದಿದ್ದರೆ ಪರ್ಯಾಯವಾಗಿ 8 ಲಕ್ಷ ಮುಂಗಡವನ್ನು ಬಡ್ಡಿ ಸಮೇತ ವಾಪಸ್ ಕೊಡಿಸಿ ಎಂಬ ಕೋರಿಕೆ. ಕೇಳದ ಹೊರತು ಮುಂಗಡ ವಾಪಸ್ ಕೊಡಿಸುವಂತಿಲ್ಲ ಎನ್ನುತ್ತದೆ ಕಾನೂನು. ಮೇಲೆ ಹೇಳಿದ ಬೆಂಗಳೂರಿನ ಕೇಸಿನಲ್ಲಿ ಕೊಳ್ಳುವವರು ಆ ಕೋರಿಕೆ ಇಟ್ಟೇ ಇರಲಿಲ್ಲ. ದಾವೆ ನಡೆಯುವಾಗ ಯಾವ ಹಂತದಲ್ಲಾದರೂ ತಿದ್ದುಪಡಿ ಮಾಡಿ ಸೇರಿಸಲು ಅವಕಾಶವಿದ್ದರೂ ಸೇರಿಸಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋಗಿ 20 ಲಕ್ಷದಲ್ಲಿ ಒಂದು ಪೈಸೆ ವಾಪಸ್ ಬರದಿರಲು ಅದೂ ಒಂದು ಕಾರಣ. ನಿಮ್ಮ ವಕೀಲರು ದಾವೆಯ ಕರಡು ತೋರಿಸಿದಾಗ ಕೊನೆಯ ಪುಟದ ಕೋರಿಕೆಗಳಲ್ಲಿ ಈ ಸಾಲು ಇದೆಯೇ ಎಂದು ನೀವೇ ಓದಿ ನೋಡಿ. ಮೂಲ ಕರಾರು ಪತ್ರವನ್ನು ಮಾತ್ರ ಯಾವ ಕಾರಣಕ್ಕೂ ಬ್ರೋಕರ್ ಕೈಗೆ ಕೊಡಬೇಡಿ. ಅವರಿಗೆ ಜೆರಾಕ್ಸ್ ಸಾಕು.